ತಡವಾಗಿ ಸಲ್ಲಿಸಿದ ರಿಟರ್ನ್: 9 ಲಕ್ಷದ ನಷ್ಟ ಪೂರ್ತಿ ಹೋಯಿತೇ, ಸವಕಳಿಯಾದರೂ ಉಳಿಯುತ್ತದೆಯೇ?

ಗಿರೀಶ_ಮಾಚೇನಹಳ್ಳಿ (ಡಿಸೆಂಬರ್ 3, 2025)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಪಾಲುದಾರಿಕೆ ಸಂಸ್ಥೆ ಇದೆ. ಫೌಂಡ್ರಿಗಳಿಂದ ಬರುವ ಎರಕದ ಭಾಗಗಳಿಗೆ ಯಂತ್ರದಲ್ಲಿ ಕೆಲಸ ಮಾಡಿಕೊಡುತ್ತೇವೆ. 2022ರ ನವೆಂಬರ್‌ನಲ್ಲಿ 40 ಲಕ್ಷ ಕೊಟ್ಟು ಬಳಸಿದ ವಿಎಂಸಿ ಯಂತ್ರವೊಂದನ್ನು ತಂದು ಕೂರಿಸಿದೆವು. ಆ ವರ್ಷ ಆರ್ಡರ್ ಕಡಿಮೆಯಿತ್ತು, ಬಾಡಿಗೆ, ಸಂಬಳ, ಬ್ಯಾಂಕ್ ಬಡ್ಡಿ ನಿಲ್ಲಲಿಲ್ಲ. ವರ್ಷದ ಕೊನೆಗೆ 9 ಲಕ್ಷ ನಷ್ಟ.

ಲೆಕ್ಕ ನೋಡಿಕೊಳ್ಳುತ್ತಿದ್ದ ಪಾಲುದಾರರು ಆಗ ಆಸ್ಪತ್ರೆ ಸೇರಿದ್ದರಿಂದ ಆ ವರ್ಷದ ರಿಟರ್ನ್ 2023ರ ಜುಲೈ 31ರ ಬದಲು ಡಿಸೆಂಬರ್ 28ಕ್ಕೆ ಹೋಯಿತು. ನಂತರದ ಎರಡು ವರ್ಷಗಳದ್ದು ಗಡುವಿನೊಳಗೇ ಸಲ್ಲಿಕೆಯಾಗಿವೆ. ಈ ಸಲ ಮೊದಲ ಬಾರಿಗೆ ಒಳ್ಳೆಯ ಲಾಭ ಬಂದಿದೆ. ಹಳೆಯ ನಷ್ಟ ಕಳೆದು ಆದಾಯ ಶೂನ್ಯವೆಂದು ತೋರಿಸಿದ್ದೆವು. ಈಗ ಬೆಂಗಳೂರಿನ ಸಂಸ್ಕರಣಾ ಕೇಂದ್ರದಿಂದ ಮಿಂಚಂಚೆ ಬಂದಿದೆ. ಹಿಂದಿನ ರಿಟರ್ನ್ ತಡವಾಗಿರುವುದರಿಂದ 9 ಲಕ್ಷವನ್ನೂ ಒಪ್ಪುವುದಿಲ್ಲ, 30 ದಿನಗಳಲ್ಲಿ ಉತ್ತರ ಕೊಡಿ ಎಂದಿದ್ದಾರೆ. ಒಪ್ಪಿಕೊಂಡು ತೆರಿಗೆ ಕಟ್ಟಿಬಿಡಿ ಎನ್ನುತ್ತಾರೆ ನಮ್ಮ ಈಗಿನ ಲೆಕ್ಕದವರು. ಬೇರೆ ದಾರಿ ಇದೆಯೇ?

ಹೊನ್ನಾಳಿ_ಟ್ರೇಡರ್ಸ್

ಇಲ್ಲ. ಗಡುವು ತಪ್ಪಿದರೆ ನಷ್ಟ ಸತ್ತ ಹಾಗೆಯೇ. ಸೆಕ್ಷನ್ 80 ಅದನ್ನೇ ಹೇಳುತ್ತದೆ. ನಮ್ಮ ಅಂಗಡಿಯ ಪಕ್ಕದವರಿಗೂ ಹೀಗೇ ಆಯಿತು, ಎಷ್ಟು ಓಡಾಡಿದರೂ ಒಂದು ರೂಪಾಯಿ ಸಿಗಲಿಲ್ಲ. ಕಟ್ಟಿಬಿಡಿ.

ಸರೋಜಾ_ದಾವಣಗೆರೆ

ಗಿರೀಶ ಅವರೇ, ಯಾವುದಕ್ಕೂ ಒಪ್ಪಿಗೆ ಒತ್ತಬೇಡಿ, ಸ್ವಲ್ಪ ತಡೆಯಿರಿ. ಆ 9 ಲಕ್ಷದಲ್ಲಿ ಸವಕಳಿ ಎಷ್ಟು, ಕೈಯಿಂದ ಹೋದ ನಷ್ಟ ಎಷ್ಟು? ಅದನ್ನು ಹೇಳದೆ ಯಾರು ಏನೇ ಉತ್ತರ ಕೊಟ್ಟರೂ ಅರ್ಧವೇ. ಮೂರೂ ವರ್ಷಗಳ ಸವಕಳಿಗೆ ಮುಂಚಿನ ಅಂಕಿ ಬೇಕು. ಬೇರೆ ಆದಾಯವಿದ್ದರೆ ಅದನ್ನೂ ತಿಳಿಸಿ.

ಹೊನ್ನಾಳಿಯವರೇ, ಸೆಕ್ಷನ್ 80 ವ್ಯಾಪಾರದ ನಷ್ಟಕ್ಕೆ ಬಾಗಿಲು ಹಾಕುವುದು ನಿಜ. ಆದರೆ ಆ ಪಟ್ಟಿಯಲ್ಲಿ ಸೆಕ್ಷನ್ 32(2) ಇಲ್ಲ. ಬಾಕಿ ಉಳಿದ ಸವಕಳಿ ಮುಂದಿನ ವರ್ಷಕ್ಕೆ ಹೋಗುವುದು ಆ ಸೆಕ್ಷನ್ನಿನ ಬಲದಿಂದ. ರಿಟರ್ನ್ ತಡವಾದರೂ ಅದು ಉಳಿಯುತ್ತದೆ.

ಕೋರಮಂಗಲ_ಟೆಕ್ಕಿ

ಇದೇ ನನ್ನ ಪ್ರಶ್ನೆಯೂ. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ನನಗೆ 2.4 ಲಕ್ಷ ಹೋಗಿದೆ. ಅದನ್ನು ನನ್ನ ಸಂಬಳದಿಂದ ಕಳೆಯಬಹುದೇ? ನನ್ನ ರಿಟರ್ನ್ ಗಡುವಿನೊಳಗೇ ಇದೆ.

ಸರೋಜಾ_ದಾವಣಗೆರೆ

ಅದು ಬೇರೆ ವಿಷಯ. ಷೇರು ವಿನಿಮಯ ಕೇಂದ್ರದಲ್ಲಿ ನಡೆದ ಆ ವಹಿವಾಟಿನ ನಷ್ಟ ಸಾಮಾನ್ಯ ವ್ಯಾಪಾರದ ನಷ್ಟವೇ. ಆದರೆ ಅದೇ ವರ್ಷವಾಗಲಿ ಮುಂದೆಯಾಗಲಿ ಸಂಬಳದಿಂದ ಕಳೆಯುವಂತಿಲ್ಲ. ಅದೇ ವರ್ಷ ಬ್ಯಾಂಕ್ ಬಡ್ಡಿಯಂತಹ ಆದಾಯವಿದ್ದರೆ ಮೊದಲು ಅದರಲ್ಲಿ ಕಳೆಯುತ್ತದೆ. ಉಳಿದದ್ದು ಎಂಟು ಅಸೆಸ್‌ಮೆಂಟ್ ವರ್ಷ ಮುಂದಕ್ಕೆ ಬರುತ್ತದೆ, ಆಗ ವ್ಯಾಪಾರದ ಲಾಭದಿಂದ ಮಾತ್ರ ವಜಾ. ಹೆಚ್ಚಿನ ವಿವರಕ್ಕೆ ಬೇರೆ ಎಳೆ ತೆರೆಯಿರಿ, ಇಲ್ಲಿ ಗಿರೀಶ ಅವರ ಗಡುವು ಓಡುತ್ತಿದೆ.

ಗಿರೀಶ_ಮಾಚೇನಹಳ್ಳಿ

ಮೇಡಂ, ಕಡತ ತೆಗೆದು ನೋಡಿದೆ. ಮೊದಲ ವರ್ಷ, ಅಂದರೆ 2022-23ರಲ್ಲಿ ಸವಕಳಿಗೆ ಮುಂಚೆಯೇ 6 ಲಕ್ಷ ನಷ್ಟ, ಸವಕಳಿ 3 ಲಕ್ಷ. ಎರಡನೆಯ ವರ್ಷ ಸವಕಳಿಗೆ ಮುಂಚೆ 2 ಲಕ್ಷ ಲಾಭ, ಸವಕಳಿ 5,55,000. ಈ ಸಲ ಸವಕಳಿಗೆ ಮುಂಚೆ 11 ಲಕ್ಷ ಲಾಭ, ಸವಕಳಿ 4,71,750. ಬ್ಯಾಂಕಿನ ಠೇವಣಿಯ ಬಡ್ಡಿ 1,20,000 ಇದೆ. ಪಾಲುದಾರರಿಗೆ ಸಂಬಳ, ಬಡ್ಡಿ ಏನೂ ಇಲ್ಲ.

ಒಂದು ಅನುಮಾನ. ಮೊದಲ ವರ್ಷಕ್ಕಿಂತ ಎರಡನೆಯ ವರ್ಷ ಸವಕಳಿ ಜಾಸ್ತಿ ಹೇಗಾಯಿತು? ಲೆಕ್ಕದವರೇ ತಪ್ಪು ಮಾಡಿದ್ದಾರೆಯೇ?

ನಿವೃತ್ತ_ಆಡಿಟರ್_ಮೈಸೂರು

ತಪ್ಪಿಲ್ಲ. ನವೆಂಬರ್‌ನಲ್ಲಿ ಕೂರಿಸಿದ ಯಂತ್ರ ಆ ವರ್ಷ 180 ದಿನಕ್ಕಿಂತ ಕಡಿಮೆ ಓಡಿದೆ, ಹಾಗಾಗಿ ಶೇ 15ರ ಅರ್ಧ, 40 ಲಕ್ಷಕ್ಕೆ 3 ಲಕ್ಷ. ಮರುವರ್ಷ ಉಳಿದ 37 ಲಕ್ಷದ ಮೇಲೆ ಪೂರ್ತಿ ಶೇ 15. ಅದರ ಮುಂದಿನ ವರ್ಷ 31,45,000ದ ಮೇಲೆ ಶೇ 15. ಯಂತ್ರ ಬಳಸಿದ್ದಾದ್ದರಿಂದ ಹೆಚ್ಚುವರಿ ಸವಕಳಿಯ ಪ್ರಶ್ನೆ ಇಲ್ಲ. ಲೆಕ್ಕ ಹಾಕಿದವರು ಸವಕಳಿ ಸರಿಯಾಗಿಯೇ ಹಾಕಿದ್ದಾರೆ, ಅದನ್ನು ಬರೆಯಬೇಕಾದ ಜಾಗದಲ್ಲಿ ಬರೆದಿಲ್ಲ ಎಂಬುದು ನನ್ನ ಊಹೆ.

ಸರೋಜಾ_ದಾವಣಗೆರೆ

ಸರ್ ಹೇಳಿದ್ದೇ ಸರಿ. ಗಿರೀಶ ಅವರೇ, ಈ ಸಲದ ಐಟಿಆರ್-5ರ ಪಿಡಿಎಫ್ ತೆರೆಯಿರಿ. ಹಳೆಯ ನಷ್ಟ ಬರೆಯುವ Schedule CFL ಎಂಬ ಕೋಷ್ಟಕದಲ್ಲಿ ನಿಮ್ಮ ಮೊದಲ ವರ್ಷದ, ಅಂದರೆ 2023-24ರ ಅಸೆಸ್‌ಮೆಂಟ್ ವರ್ಷದ ಸಾಲು ಇರುತ್ತದೆ. ಪಕ್ಕದಲ್ಲೇ ಆ ವರ್ಷದ ರಿಟರ್ನ್ ಸಲ್ಲಿಸಿದ ದಿನಾಂಕ ಕೇಳುವ ಅಂಕಣ. ಅಲ್ಲಿ 28-12-2023 ಇದ್ದು, ಎದುರಿಗೆ 9,00,000 ಎಂದಿದೆಯೇ? ಆಮೇಲೆ ಬಾಕಿ ಸವಕಳಿಯ ಕೋಷ್ಟಕ Schedule UD ನೋಡಿ. ಅದರಲ್ಲಿ 2023-24ರ ಸಾಲು ಇದೆಯೇ?

ಗಿರೀಶ_ಮಾಚೇನಹಳ್ಳಿ

ಹೌದು ಮೇಡಂ, ನೀವು ಹೇಳಿದಂತೆಯೇ ಇದೆ. CFLನಲ್ಲಿ 9,00,000. UDಯಲ್ಲಿ 2024-25ರ 3,55,000 ಮಾತ್ರ.

ಸರೋಜಾ_ದಾವಣಗೆರೆ

ಅಲ್ಲೇ ಎಡವಿರುವುದು. 9 ಲಕ್ಷವನ್ನು ಒಂದೇ ಗಂಟು ಮಾಡಿ ವ್ಯಾಪಾರದ ನಷ್ಟದ ಕೋಷ್ಟಕಕ್ಕೆ ಹಾಕಿದ್ದಾರೆ. ಕೇಂದ್ರದ ಗಣಕಕ್ಕೆ ಕಾಣುವುದು ಆ ದಿನಾಂಕ. ಗಡುವು ಮೀರಿದೆ ಎಂದು ಗಂಟನ್ನು ಪೂರ್ತಿ ಹೊರಗೆ ಹಾಕಲು ಹೊರಟಿದೆ. UD ಕೋಷ್ಟಕದಲ್ಲಿದ್ದ 3,55,000ದ ತಂಟೆಗೆ ಹೋಗಿಲ್ಲ, ನೋಡಿ.

ಅವರು ಹೇಳಿದಂತೆ ಒಪ್ಪಿದರೆ ಏನಾಗುತ್ತದೆ? 11 ಲಕ್ಷದಲ್ಲಿ ಈ ವರ್ಷದ ಸವಕಳಿ ಕಳೆದರೆ ವ್ಯಾಪಾರದ ಆದಾಯ 6,28,250. ಬಡ್ಡಿ ಸೇರಿಸಿದರೆ 7,48,250. ಅದರಲ್ಲಿ 3,55,000 ಹೋಗಿ 3,93,250 ಉಳಿಯಿತು. ಪಾಲುದಾರಿಕೆಗೆ ಶೇ 30 ತೆರಿಗೆ, ಅದರ ಮೇಲೆ ಶೇ 4 ಸೆಸ್, ಒಟ್ಟು 1,22,694 ರೂಪಾಯಿ. ಬಡ್ಡಿ ಬೇರೆ.

ಮೊದಲ ವರ್ಷದ 3 ಲಕ್ಷ ಸವಕಳಿಯನ್ನು ಅದರ ಜಾಗದಲ್ಲಿ ಬರೆದರೆ ಬಾಕಿ ಸವಕಳಿ 6,55,000 ಆಗುತ್ತದೆ. ವ್ಯಾಪಾರದ ಆದಾಯ 6,28,250 ಪೂರ್ತಿ ಕರಗುತ್ತದೆ, ಇನ್ನೂ 26,750 ಮಿಗುತ್ತದೆ. ಅದು ಠೇವಣಿಯ ಬಡ್ಡಿಯಿಂದಲೂ ಕಳೆಯುತ್ತದೆ, ಏಕೆಂದರೆ ಬಾಕಿ ಸವಕಳಿಗೆ ವ್ಯಾಪಾರದ ಆದಾಯವೇ ಬೇಕೆಂಬ ಕಟ್ಟು ಇಲ್ಲ. ತೆರಿಗೆಗೆ ಉಳಿಯುವುದು 93,250, ತೆರಿಗೆ 29,094. ಕೈಯಿಂದ ಹೋದ 6 ಲಕ್ಷವನ್ನು ಈ ರಿಟರ್ನಿನಲ್ಲಿ ಕೇಳಲು ಬರುವುದಿಲ್ಲ, ಅದು ಬೇರೆ ದಾರಿ.

ಹೊನ್ನಾಳಿ_ಟ್ರೇಡರ್ಸ್

ಠೇವಣಿಯ ಬಡ್ಡಿಯಿಂದ ಯಂತ್ರದ ಸವಕಳಿ ಕಳೆಯುವುದೇ? ಎಲ್ಲಿಯ ಯಂತ್ರ, ಎಲ್ಲಿಯ ಬಡ್ಡಿ! ಮುಂದಕ್ಕೆ ಬಂದ ನಷ್ಟ ವ್ಯಾಪಾರದ ಆದಾಯಕ್ಕೆ ಮಾತ್ರ ಎಂದು ಈಗತಾನೆ ಆ ಕೋರಮಂಗಲದವರಿಗೆ ನೀವೇ ಹೇಳಿದಿರಿ. ಮತ್ತೆ ಸವಕಳಿಗೂ ಎಂಟೇ ವರ್ಷ ಅಲ್ಲವೇ? ನಾನು ಹಾಗೆಯೇ ಕೇಳಿದ್ದೇನೆ.

ನಿವೃತ್ತ_ಆಡಿಟರ್_ಮೈಸೂರು

ನೀವು ಕೇಳಿದ್ದು ಸುಳ್ಳಲ್ಲ, ಹಳೆಯದು. 1997-98ರಿಂದ 2001-02ರವರೆಗಿನ ಅಸೆಸ್‌ಮೆಂಟ್ ವರ್ಷಗಳಲ್ಲಿ ಸವಕಳಿಗೂ ಎಂಟು ವರ್ಷದ ಮಿತಿ ಹಾಕಿದ್ದರು. ಆ ಕಾಲದಲ್ಲಿ ಕಾರ್ಖಾನೆಗಳ ಲೆಕ್ಕಪುಸ್ತಕದಲ್ಲಿ ಯಾವ ವರ್ಷದ ಸವಕಳಿ ಯಾವಾಗ ಸಾಯುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಡುತ್ತಿದ್ದೆವು. 2001ರ ಹಣಕಾಸು ಕಾಯ್ದೆ ಆ ಮಿತಿಯನ್ನು ತೆಗೆದುಹಾಕಿತು. ನಡುವಿನ ಆ ವರ್ಷಗಳ ಬಾಕಿಗೂ ಮಿತಿ ಇಲ್ಲವೆಂದು 2012ರಲ್ಲಿ ಜನರಲ್ ಮೋಟರ್ಸ್ ಇಂಡಿಯಾ ಪ್ರಕರಣದಲ್ಲಿ ಗುಜರಾತ್ ಹೈಕೋರ್ಟ್ ಹೇಳಿತು.

ಬಡ್ಡಿಯ ವಿಷಯ ಇನ್ನೂ ಹಳೆಯದು. ಜೈಪುರಿಯಾ ಚೈನಾ ಕ್ಲೇ ಮೈನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಅದನ್ನು ತೀರ್ಮಾನಿಸಿದೆ. ತರ್ಕ ಹೀಗಿದೆ. ಹಿಂದಿನ ವರ್ಷ ಕಳೆಯಲಾಗದೆ ಉಳಿದ ಸವಕಳಿಯನ್ನು ಕಾನೂನು ಈ ವರ್ಷದ ಸವಕಳಿಯ ಜೊತೆಗೆ ಕೂಡಿಸುತ್ತದೆ, ಅದು ಈ ವರ್ಷದ್ದೇ ಆಗಿಬಿಡುತ್ತದೆ. ಈ ವರ್ಷದ ಸವಕಳಿ ಹೆಚ್ಚಾದರೆ ಬಡ್ಡಿ, ಬಾಡಿಗೆಯಿಂದ ಕಳೆಯಬಹುದಾದರೆ ಅದನ್ನೂ ಕಳೆಯಬಹುದು. ಸಂಬಳದಿಂದ ಮಾತ್ರ ಆಗದು. ವ್ಯಾಪಾರದ ನಷ್ಟಕ್ಕೆ ಈ ಕೂಡಿಸುವ ಏರ್ಪಾಡು ಇಲ್ಲ, ಅದು ತನ್ನ ವರ್ಷದ ಹೆಸರನ್ನು ಹೊತ್ತುಕೊಂಡೇ ಬರುತ್ತದೆ. ಎಂಟು ವರ್ಷದ ಎಣಿಕೆ, ಗಡುವಿನ ಷರತ್ತು ಎಲ್ಲವೂ ಅದಕ್ಕೇ ಅಂಟಿಕೊಂಡಿರುವುದು ಅದಕ್ಕಾಗಿ.

ಬೆಳಗಾವಿ_ಉದ್ಯಮಬಾಗ್

ಹಾಗಾದರೆ ನನ್ನದೊಂದು ಉಪಾಯ ಕೇಳಿ. ನಷ್ಟಕ್ಕೆ ಎಂಟು ವರ್ಷ, ಸವಕಳಿಗೆ ಆಯುಷ್ಯ ಅಷ್ಟೂ. ಲಾಭ ಬಂದ ವರ್ಷ ಸವಕಳಿಯನ್ನು ಹಾಕದೆ ಬಿಟ್ಟು ಹಳೆಯ ನಷ್ಟವನ್ನು ಮೊದಲು ಮುಗಿಸಿಕೊಂಡರೆ ಆಯಿತಲ್ಲ? ನಮ್ಮ ತಂದೆಯವರು ಹಾಗೆಯೇ ಮಾಡುತ್ತಿದ್ದರಂತೆ.

ಸರೋಜಾ_ದಾವಣಗೆರೆ

ತಂದೆಯವರ ಕಾಲಕ್ಕೆ ಅದು ನಡೆಯುತ್ತಿತ್ತು. 2002-03ರ ಅಸೆಸ್‌ಮೆಂಟ್ ವರ್ಷದಿಂದ ಸವಕಳಿ ಕಡ್ಡಾಯ, ನೀವು ಕೇಳಿದರೂ ಬಿಟ್ಟರೂ ಕಳೆದಂತೆಯೇ ಲೆಕ್ಕ. ಬಿಟ್ಟರೆ ಯಂತ್ರದ ಉಳಿಕೆ ಮೌಲ್ಯ ಇಳಿಯುತ್ತದೆ, ಕಡಿತದ ಪ್ರಯೋಜನ ಸಿಗುವುದಿಲ್ಲ, ಎರಡೂ ಕಡೆ ಪೆಟ್ಟು.

ಆದರೆ ನಿಮ್ಮ ಉಪಾಯದ ಅರ್ಧ ಭಾಗವನ್ನು ಕಾನೂನೇ ಮಾಡಿಕೊಟ್ಟಿದೆ. ಮೊದಲು ಈ ವರ್ಷದ ಸವಕಳಿ, ಆಮೇಲೆ ಹಳೆಯ ವ್ಯಾಪಾರದ ನಷ್ಟ, ಕೊನೆಗೆ ಹಳೆಯ ಸವಕಳಿ. ಬೇಗ ಸಾಯುವುದನ್ನು ಮೊದಲು ಬಳಸಲು ಬಿಟ್ಟಿದ್ದಾರೆ. ಗಿರೀಶ ಅವರ ಮೊದಲ ರಿಟರ್ನ್ ಜುಲೈನಲ್ಲೇ ಹೋಗಿದ್ದರೆ 6,28,250ರಲ್ಲಿ 6 ಲಕ್ಷ ನಷ್ಟವೇ ಕರಗಿ, ಸವಕಳಿಯ ಪೈಕಿ 5,06,750 ಮುಂದಿನ ವರ್ಷಕ್ಕೆ ಉಳಿಯುತ್ತಿತ್ತು.

ಗಿರೀಶ_ಮಾಚೇನಹಳ್ಳಿ

ಓದಿ ಹೊಟ್ಟೆ ಉರಿಯಿತು ಮೇಡಂ. ಐದು ತಿಂಗಳ ತಡಕ್ಕೆ ಇಷ್ಟು ಬೆಲೆ. ಈಗ ನಾನು ಏನು ಮಾಡಬೇಕು, ಒಂದೊಂದಾಗಿ ಹೇಳಿ.

ಸರೋಜಾ_ದಾವಣಗೆರೆ

ಈ ವರ್ಷದ ರಿಟರ್ನನ್ನು ಪರಿಷ್ಕರಿಸಲು ಡಿಸೆಂಬರ್ 31ರವರೆಗೆ ಅವಕಾಶವಿದೆ, ಅದನ್ನು ಮೊದಲು ಮಾಡಿ. CFLನಿಂದ 9 ಲಕ್ಷ ತೆಗೆಯಿರಿ. UDಯಲ್ಲಿ 2023-24ರ ಸಾಲಿಗೆ 3,00,000, 2024-25ರ ಸಾಲಿಗೆ 3,55,000 ಬರೆಯಿರಿ. 29,094 ಮತ್ತು ಅದಕ್ಕೆ ತಗಲುವ ಬಡ್ಡಿ ಕಟ್ಟಿ ಸಲ್ಲಿಸಿ. ಆ ಮಿಂಚಂಚೆಗೂ ಪೋರ್ಟಲ್‌ನಲ್ಲಿ ಉತ್ತರ ಕೊಡಿ, ಸುಮ್ಮನಿದ್ದರೆ 30 ದಿನವಾದ ಮೇಲೆ ಅವರು ಹೇಳಿದ್ದೇ ಆಗುತ್ತದೆ. ಪೂರ್ತಿ ಒಪ್ಪಿಗೆಯಿಲ್ಲ, 6 ಲಕ್ಷದ ಮಟ್ಟಿಗೆ ಒಪ್ಪುತ್ತೇವೆ, 3 ಲಕ್ಷ ಸೆಕ್ಷನ್ 32(2)ರ ಸವಕಳಿ, ಪರಿಷ್ಕೃತ ರಿಟರ್ನ್ ಸಲ್ಲಿಸಿದ್ದೇವೆ ಎಂದು ಬರೆಯಿರಿ.

ಒಂದು ತೊಡಕು ಬರಬಹುದು. 2023-24ರ ರಿಟರ್ನಿನ UDಯಲ್ಲೂ ಆ 3 ಲಕ್ಷ ಖಾಲಿ ಇದ್ದರೆ, ಗಣಕ ಹಳೆಯದನ್ನು ಹೊಸದರ ಜೊತೆ ತಾಳೆ ನೋಡಿ ಮತ್ತೆ ತಕರಾರು ತೆಗೆಯಬಹುದು. ಹಳೆಯ ರಿಟರ್ನ್ ತೆರೆದು ನೋಡಿ.

ಗಿರೀಶ_ಮಾಚೇನಹಳ್ಳಿ

ನೋಡಿದೆ. ಖಾಲಿ ಇದೆ. Schedule DPM ಎಂಬಲ್ಲಿ ಮಾತ್ರ ಯಂತ್ರ 40,00,000, ಸವಕಳಿ 3,00,000 ಎಂದಿದೆ.

ನಿವೃತ್ತ_ಆಡಿಟರ್_ಮೈಸೂರು

ಅಷ್ಟಿದ್ದರೆ ಸಾಕು, ಸಾಕ್ಷಿ ಅದೇ. ಆ ವರ್ಷದ ಆದೇಶಕ್ಕೆ ಸೆಕ್ಷನ್ 154ರಡಿ ತಿದ್ದುಪಡಿ ಅರ್ಜಿ ಹಾಕಿ. ಆದೇಶ ಹೊರಟ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷ ಕಾಲಾವಕಾಶವಿದೆ. ನಿಮ್ಮದೇ ರಿಟರ್ನಿನ ಒಂದು ಪುಟದಲ್ಲಿ ಸವಕಳಿ ಇದೆ, ಇನ್ನೊಂದು ಪುಟದಲ್ಲಿ ಬಿಟ್ಟುಹೋಗಿದೆ. ಮೇಲ್ನೋಟಕ್ಕೇ ಕಾಣುವ ತಪ್ಪು ಎಂದರೆ ಇದೇ.

ಸರೋಜಾ_ದಾವಣಗೆರೆ

ಸರ್, ಇಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ತೆರಿಗೆದಾರ ತಾನೇ ತುಂಬದ ಕೋಷ್ಟಕವನ್ನು ಇಲಾಖೆಯ ಆದೇಶದ ತಪ್ಪು ಎನ್ನಲು ಎಲ್ಲ ಅಧಿಕಾರಿಗಳೂ ಒಪ್ಪುವುದಿಲ್ಲ. ಅರ್ಜಿ ಹಾಕುವುದು ಬೇಡ ಎನ್ನುತ್ತಿಲ್ಲ, ಅದೊಂದನ್ನೇ ನಂಬಿ ಕೂರುವುದು ಬೇಡ.

ನಿವೃತ್ತ_ಆಡಿಟರ್_ಮೈಸೂರು

ಸವಕಳಿ ಮುಂದಕ್ಕೆ ಬರುವುದು ಕಾನೂನಿನಿಂದ, ಕೋಷ್ಟಕದಿಂದಲ್ಲ. ಕೋಷ್ಟಕ ಖಾಲಿ ಇದ್ದ ಮಾತ್ರಕ್ಕೆ ಹಕ್ಕು ಹೋಗುತ್ತದೆ ಎಂದರೆ ನಾನು ಒಪ್ಪುವುದಿಲ್ಲ. ತಿದ್ದುಪಡಿ ತಿರಸ್ಕಾರವಾದರೆ ಮೇಲ್ಮನವಿ ಇದೆ.

ಹರಿಹರ_ಮಿಲ್

ಬಳಸಿದ ವಿಎಂಸಿಗೆ 40 ಲಕ್ಷವೇ? ಕೊಯಮತ್ತೂರಿನಿಂದ ತಂದದ್ದೋ? ನಮಗೂ ಒಂದು ಬೇಕಾಗಿದೆ, ಸ್ಪಿಂಡಲ್ ಎಷ್ಟು ಗಂಟೆ ಓಡಿತ್ತು?

ಗಿರೀಶ_ಮಾಚೇನಹಳ್ಳಿ

ಖಾಸಗಿ ಸಂದೇಶ ಕಳುಹಿಸುತ್ತೇನೆ ಸರ್, ಇಲ್ಲಿ ಬೇಡ.

ಮೇಡಂ, ಆ 6 ಲಕ್ಷಕ್ಕೆ ಬೇರೆ ದಾರಿ ಎಂದಿರಿ. ಅದು ಯಾವುದು? ಇನ್ನೊಂದು ಮಾತು ಹೇಳಬೇಕಿತ್ತು. ನಾವು ಮೂವರು ಸಮಪಾಲುದಾರರಿದ್ದೆವು. ಆಸ್ಪತ್ರೆ ಸೇರಿದ್ದವರು 2024ರ ಮಾರ್ಚ್‌ನಲ್ಲಿ ನಿವೃತ್ತರಾದರು. ಈಗ ಇಬ್ಬರೇ.

ಸರೋಜಾ_ದಾವಣಗೆರೆ

ದಾರಿ ಎಂದರೆ ಸೆಕ್ಷನ್ 119(2)(ಬಿ), ತಡವನ್ನು ಮನ್ನಿಸಿ ಎಂದು ಕೇಳುವುದು. ನೇರ ತೆರಿಗೆ ಮಂಡಳಿಯ 2024ರ 11ನೇ ಸುತ್ತೋಲೆಯ ಪ್ರಕಾರ ಅಸೆಸ್‌ಮೆಂಟ್ ವರ್ಷ ಮುಗಿದು ಐದು ವರ್ಷದೊಳಗೆ ಅರ್ಜಿ ಕೊಡಬಹುದು. ನಿಮಗೆ 2029ರ ಮಾರ್ಚ್ 31ರವರೆಗೆ ಸಮಯವಿದೆ. 1 ಕೋಟಿಯೊಳಗಿನ ಮೊತ್ತವಾದ್ದರಿಂದ ನಿಮ್ಮ ವ್ಯಾಪ್ತಿಯ ಆಯುಕ್ತರ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ತಡಕ್ಕೆ ನಿಜವಾದ ಕಷ್ಟವೇ ಕಾರಣ ಎಂದು ಅವರಿಗೆ ಮನವರಿಕೆಯಾಗಬೇಕು. ಆಸ್ಪತ್ರೆಗೆ ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳಿರುವ ಪತ್ರ, ಲೆಕ್ಕ ಅವರ ಕೈಯಲ್ಲಿತ್ತು ಎಂಬುದಕ್ಕೆ ಬ್ಯಾಂಕ್ ಸಹಿ ಅಧಿಕಾರದ ಪತ್ರ, ಅವರದೇ ಒಂದು ಪ್ರಮಾಣಪತ್ರ ಜೋಡಿಸಿ. ಜೂನ್, ಜುಲೈನಲ್ಲಿ ಅವರು ಮನೆಯಲ್ಲೇ ಇದ್ದರು ಎಂದು ದಾಖಲೆ ಹೇಳಿದರೆ ಅರ್ಜಿ ನಿಲ್ಲುವುದು ಕಷ್ಟ.

ಪಾಲುದಾರರು ಹೋದದ್ದು ಮುಖ್ಯ ಸಂಗತಿ. ಸೆಕ್ಷನ್ 78ರ ಪ್ರಕಾರ ನಿವೃತ್ತರಾದವರ ಪಾಲಿನ ನಷ್ಟವನ್ನು ಸಂಸ್ಥೆ ಮುಂದಕ್ಕೆ ಒಯ್ಯುವಂತಿಲ್ಲ. ಮನ್ನಣೆ ಸಿಕ್ಕರೂ 6 ಲಕ್ಷದಲ್ಲಿ ಅವರ ಮೂರನೆಯ ಒಂದು ಪಾಲು, 2 ಲಕ್ಷ, ಹೋಯಿತು. ಉಳಿದ 4 ಲಕ್ಷ ಈ ವರ್ಷವೇ ವಜಾ ಆಗುತ್ತದೆ. ತೆರಿಗೆ ಶೂನ್ಯವಾಗಿ, 3,06,750 ಸವಕಳಿ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಸವಕಳಿಗೆ ಸೆಕ್ಷನ್ 78 ತಾಗುವುದಿಲ್ಲ, ಯಂತ್ರ ಸಂಸ್ಥೆಯದ್ದು.

ಹೊನ್ನಾಳಿ_ಟ್ರೇಡರ್ಸ್

ಆಯುಕ್ತರ ಕಚೇರಿ, ಪ್ರಮಾಣಪತ್ರ, ವಕೀಲರು. ಇಷ್ಟೆಲ್ಲ ಏಕೆ? ನಾನಾಗಿದ್ದರೆ ಮುಂದಿನ ವರ್ಷದಿಂದ 44ಎಡಿಗೆ ಹೋಗಿ ವಹಿವಾಟಿನ ಶೇ 6 ಅಥವಾ 8 ಲಾಭ ತೋರಿಸಿ ನೆಮ್ಮದಿಯಾಗಿರುತ್ತಿದ್ದೆ. ಉಳಿದ ಸವಕಳಿ ಏನಿದೆಯೋ ಅದರಿಂದ ಕಳೆದರಾಯಿತು.

ಸರೋಜಾ_ದಾವಣಗೆರೆ

ಅದನ್ನು ಮಾತ್ರ ಯೋಚಿಸದೆ ಮಾಡಬೇಡಿ. 44ಎಡಿಯಲ್ಲಿ ಸೆಕ್ಷನ್ 30ರಿಂದ 38ರವರೆಗಿನ ಎಲ್ಲ ಕಡಿತಗಳೂ ಆಗಲೇ ಸಿಕ್ಕಿವೆ ಎಂದು ಲೆಕ್ಕ. ಸವಕಳಿಯ ಸೆಕ್ಷನ್ 32 ಅದರೊಳಗೇ ಇದೆ. ಹಳೆಯ ಬಾಕಿ ಸವಕಳಿ ಈ ವರ್ಷದ್ದೇ ಆಗಿಬಿಡುತ್ತದೆ ಎಂದು ಮೈಸೂರಿನ ಸರ್ ಹೇಳಿದರಲ್ಲ, ಅದೇ ತರ್ಕ ಇಲ್ಲಿ ನಮಗೆ ತಿರುಗುತ್ತದೆ. ಹಾಗಾಗಿ ಅದೂ ಸಿಕ್ಕಂತೆಯೇ ಎನ್ನಬಹುದು. ವ್ಯಾಪಾರದ ಹಳೆಯ ನಷ್ಟಕ್ಕೆ ಈ ತೊಂದರೆಯಿಲ್ಲ, ಅದು ಸೆಕ್ಷನ್ 72ರದ್ದು.

ನಿವೃತ್ತ_ಆಡಿಟರ್_ಮೈಸೂರು

ಇಲ್ಲ ಮೇಡಂ, ಆ ಸೂತ್ರವನ್ನು ಅಷ್ಟು ದೂರ ಎಳೆಯಬಾರದು. ಆ ವರ್ಷದ ವ್ಯಾಪಾರಕ್ಕೆ ಸಂಬಂಧಿಸಿದ ಕಡಿತಗಳು ಸಿಕ್ಕಂತೆ, ಅಷ್ಟೇ. ಹಿಂದಿನ ವರ್ಷಗಳ ಬಾಕಿಯನ್ನು ಕನಿಷ್ಠ ಬಡ್ಡಿಯ ಆದಾಯದಿಂದಲಾದರೂ ಕಳೆಯಲು ಏನು ಅಡ್ಡಿ?

ಸರೋಜಾ_ದಾವಣಗೆರೆ

ಅಡ್ಡಿ ಇದೆ ಎಂದೇ ನನ್ನ ಓದು. ನನ್ನ ಕಕ್ಷಿದಾರರಿಗೆ ಬಾಕಿ ಸವಕಳಿ ಮುಗಿಯುವವರೆಗೆ ಲೆಕ್ಕಪುಸ್ತಕ ಇಟ್ಟು ನಿಜವಾದ ಲಾಭವನ್ನೇ ತೋರಿಸಿ ಎನ್ನುತ್ತೇನೆ.

ಬೆಳಗಾವಿ_ಉದ್ಯಮಬಾಗ್

2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬರುತ್ತಿದೆಯಲ್ಲ, ಈ ಹಳೆಯ ಬಾಕಿಗಳೆಲ್ಲ ಅಲ್ಲಿಗೆ ಮುಗಿಯುತ್ತವೆಯೇ?

ಸರೋಜಾ_ದಾವಣಗೆರೆ

ಮುಗಿಯುವುದಿಲ್ಲ. ಹಳೆಯ ಕಾಯ್ದೆಯಡಿ ಉಳಿದ ನಷ್ಟ ಮತ್ತು ಸವಕಳಿಯನ್ನು ಹೊಸದರಲ್ಲಿ ಮುಂದುವರಿಸಿದ್ದಾರೆ. ನಷ್ಟಕ್ಕೆ ಎಂಟರಲ್ಲಿ ಎಷ್ಟು ವರ್ಷ ಬಾಕಿಯೋ ಅಷ್ಟೇ ಸಿಗುತ್ತದೆ, ಎಣಿಕೆ ಮೊದಲಿನಿಂದ ಶುರುವಾಗುವುದಿಲ್ಲ.

ಗಿರೀಶ_ಮಾಚೇನಹಳ್ಳಿ (ಡಿಸೆಂಬರ್ 9)

ಪರಿಷ್ಕೃತ ರಿಟರ್ನ್ ಇಂದು ಸಲ್ಲಿಕೆಯಾಯಿತು. UDಯಲ್ಲಿ ಎರಡೂ ಸಾಲು ಸೇರಿವೆ, ತೆರಿಗೆ ಕಟ್ಟಿದ್ದೇವೆ. ಮಿಂಚಂಚೆಗೆ ಭಾಗಶಃ ಒಪ್ಪಿಗೆ ಎಂದು ಉತ್ತರ ಹಾಕಿದ್ದೇವೆ. 154ರ ಅರ್ಜಿ ಮುಂದಿನ ವಾರ. ನಿವೃತ್ತರಾದ ಪಾಲುದಾರರ ಮನೆಗೆ ಹೋಗಿ ಆಸ್ಪತ್ರೆಯ ಕಾಗದಗಳನ್ನು ತಂದೆ. ಸೇರಿದ್ದು ಜುಲೈ 11, ಬಿಟ್ಟದ್ದು ಆಗಸ್ಟ್ 19. ಆಯುಕ್ತರು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಾರಲ್ಲವೇ?

ಸರೋಜಾ_ದಾವಣಗೆರೆ

ಕೇಳಿಯೇ ಕೇಳುತ್ತಾರೆ. ಬಿಡುಗಡೆಯಾದ ಮೇಲೆ ವೈದ್ಯರು ಎಷ್ಟು ಕಾಲ ವಿಶ್ರಾಂತಿ ಹೇಳಿದ್ದರು, ಆ ಕಾಗದ ಇದೆಯೇ?

ಗಿರೀಶ_ಮಾಚೇನಹಳ್ಳಿ

ಮೂರು ತಿಂಗಳು ಎಂದು ಬರೆದ ಚೀಟಿ ಇದೆ. ಮುಂದಿನ ತಪಾಸಣೆಯ ಚೀಟಿಗಳನ್ನೂ ಹುಡುಕಿಸುತ್ತಿದ್ದೇನೆ.